ಆಕ್ಸಿಜನ್ ಒಂದು ಕಡೆ, ಅಸಿಟಿಲೀನ್ ಇನ್ನೊಂದು ಕಡೆ: ಸಿಲಿಂಡರ್ ಮೂಲೆಯ ಕೆಲಸ ಎಲ್ಲಿಗೆ ಬಂತು

ವಾರ 1: ಜಾಗ

ಮೊದಲ ಯೋಜನೆ ಸುಲಭದ್ದಿತ್ತು. ವರ್ಕ್‌ಶಾಪ್ ಪಕ್ಕದ ಚಿಕ್ಕ ಕೋಣೆಯಲ್ಲಿ ಎರಡೂ ಸಿಲಿಂಡರ್ ಇಟ್ಟು ಬೀಗ ಹಾಕುವುದು. ಕಾಗದದ ಮೇಲೆ ಲೆಕ್ಕ ಹಾಕಿದ ಕೂಡಲೇ ಅದು ಬಿದ್ದುಹೋಯಿತು.

ಕೋಣೆಯ ಅಳತೆ 3 ಮೀಟರ್ ಉದ್ದ, 2.5 ಮೀಟರ್ ಅಗಲ, 2.4 ಮೀಟರ್ ಎತ್ತರ. ಅಂದರೆ 18 ಘನ ಮೀಟರ್ ಗಾಳಿ. ಗಾಳಿಯಲ್ಲಿ ಆಕ್ಸಿಜನ್ ಸುಮಾರು 21 ಶೇಕಡಾ ಇರುತ್ತದೆ. ಅದು 23.5 ಶೇಕಡಾ ದಾಟಿದರೆ ಬಟ್ಟೆ, ಮರ, ಧೂಳು ಎಲ್ಲಕ್ಕೂ ಬೆಂಕಿ ಬೇಗ ಹತ್ತುತ್ತದೆ, ಜೋರಾಗಿ ಉರಿಯುತ್ತದೆ. ಮುಚ್ಚಿದ ಈ ಕೋಣೆಯಲ್ಲಿ ಆ ಮಟ್ಟ ಮುಟ್ಟಲು 0.6 ಘನ ಮೀಟರ್ ಆಕ್ಸಿಜನ್ ಸೋರಿದರೆ ಸಾಕು. 7 ಘನ ಮೀಟರಿನ ಸಿಲಿಂಡರಿನಲ್ಲಿ ಅದು ಹತ್ತನೇ ಒಂದು ಭಾಗವೂ ಅಲ್ಲ. ಅಸಿಟಿಲೀನ್ ಗಾಳಿಯಲ್ಲಿ 2.5 ಶೇಕಡಾ ಇದ್ದರೆ ಹೊತ್ತಿಕೊಳ್ಳಬಲ್ಲದು. 18 ಘನ ಮೀಟರಿಗೆ ಅದು 0.45 ಘನ ಮೀಟರ್, ತೂಕದಲ್ಲಿ ಸುಮಾರು ಅರ್ಧ ಕಿಲೋ. ಇದೂ ಗ್ಯಾಸ್ ಕೋಣೆ ತುಂಬ ಸಮನಾಗಿ ಹರಡಿದಾಗಿನ ಮಾತು. ಸೋರುವ ಜಾಗದ ಸುತ್ತ ಅದಕ್ಕಿಂತ ಎಷ್ಟೋ ಮೊದಲೇ ಅಪಾಯದ ಮಟ್ಟ ಬಂದಿರುತ್ತದೆ. ಒಂದು ರಾತ್ರಿಯ ಸಣ್ಣ ಸೋರಿಕೆಗೆ ಇಷ್ಟು ಕಷ್ಟವೇನಲ್ಲ.

ಹಾಗಾಗಿ ಸಿಲಿಂಡರ್‌ಗಳು ಹೊರಗೋಡೆಗೆ ಒರಗಿದ, ಮುಂದೆ ಪೂರ್ತಿ ತೆರೆದ ಒಂದು ಮಾಡಿನ ಕೆಳಗೆ ಹೋದವು. ಮಾಡಿಗೂ ಗೋಡೆಗೂ ನಡುವೆ 15 ಸೆಂಟಿಮೀಟರ್ ಸಂದು ಬಿಟ್ಟಿದೆ. ಅಸಿಟಿಲೀನ್ ಗಾಳಿಗಿಂತ ತುಸು ಹಗುರ, ಮೇಲೆ ಮುಚ್ಚಿದ ಮೂಲೆ ಸಿಕ್ಕರೆ ಅಲ್ಲೇ ನಿಲ್ಲುತ್ತದೆ. ಬಿಸಿಲು ನೇರ ಬೀಳದ ಬದಿಯನ್ನೇ ಆರಿಸಿದ್ದು. 15 ಡಿಗ್ರಿ ಸೆಲ್ಸಿಯಸ್‌ನಲ್ಲಿ 150 ಬಾರ್ ಇದ್ದ ಆಕ್ಸಿಜನ್ 45 ಡಿಗ್ರಿಗೆ ಸುಮಾರು 165 ಬಾರ್ ತೋರಿಸುತ್ತದೆ. ಅಷ್ಟನ್ನು ಸಿಲಿಂಡರ್ ತಡೆಯುತ್ತದೆ, ಆದರೆ 50 ಡಿಗ್ರಿಯ ಆಚೆಗೆ ಹೋಗಲು ಬಿಡಬಾರದು.

ವಾರ 2: ನಡುವಿನ ಗೋಡೆ

ದಾಸ್ತಾನಿನಲ್ಲಿ ಆಕ್ಸಿಜನ್ನಿಗೂ ಉರಿಯುವ ಗ್ಯಾಸಿಗೂ ನಡುವೆ 6 ಮೀಟರ್ ದೂರ ಇರಬೇಕು. ಇಲ್ಲದಿದ್ದರೆ ಕನಿಷ್ಠ 1.5 ಮೀಟರ್ ಎತ್ತರದ, ಅರ್ಧ ಗಂಟೆ ಬೆಂಕಿ ತಡೆಯುವ, ತಾನೇ ಉರಿಯದ ಗೋಡೆ ಬೇಕು. ಮಾಡಿನ ಉದ್ದವೇ 3 ಮೀಟರ್ ಇರುವುದರಿಂದ ಗೋಡೆಯೇ ಗತಿ.

1.5 ಮೀಟರ್ ಕಟ್ಟಿ ನಿಲ್ಲಿಸಲಿಲ್ಲ. ದೊಡ್ಡ ಸಿಲಿಂಡರ್ ಕ್ಯಾಪ್ ಸೇರಿ ಹೆಚ್ಚುಕಡಿಮೆ ಅಷ್ಟೇ ಎತ್ತರ ಬರುತ್ತದೆ. ಗೋಡೆಯ ತುದಿಗೆ ಸರಿಯಾಗಿ ವಾಲ್ವ್ ಬಂದರೆ ಮರೆ ಮಾಡಿದ್ದಕ್ಕೆ ಅರ್ಥವಿಲ್ಲ, ಏಕೆಂದರೆ ಸೋರುವುದೂ ಉರಿಯುವುದೂ ಮೇಲ್ಗಡೆಯಿಂದಲೇ. ಗೋಡೆ 2 ಮೀಟರಿಗೆ ಏರಿತು, ಮುಂಭಾಗದಲ್ಲಿ ಸಿಲಿಂಡರ್ ನಿಲ್ಲುವ ಜಾಗಕ್ಕಿಂತ 45 ಸೆಂಟಿಮೀಟರ್ ಹೊರಗೆ ಬಂತು. ಅರ್ಧ ಇಟ್ಟಿಗೆ ದಪ್ಪ, ಎರಡೂ ಕಡೆ ಗಾರೆ. ತಗಡು ಹೊಡೆದ ಪ್ಲೈವುಡ್ ಸಾಲದೇ ಎಂಬ ಪ್ರಶ್ನೆ ಬಂದಿತ್ತು. ಸಾಲದು. ತಗಡಿನ ಹಿಂದಿನ ಮರವೇ ಸೌದೆಯಾಗುತ್ತದೆ.

ಅಸಿಟಿಲೀನ್ ಸಿಲಿಂಡರಿನಲ್ಲಿ ಕರಗುವ ಪ್ಲಗ್ ಇರುತ್ತದೆ. ಸುಮಾರು 100 ಡಿಗ್ರಿಗೆ ಅದು ಕರಗಿ, ಸಿಲಿಂಡರ್ ಒಡೆಯುವ ಬದಲು ಗ್ಯಾಸ್ ಹೊರಗೆ ಚಿಮ್ಮುತ್ತದೆ. ಆ ಜ್ವಾಲೆ ಪಕ್ಕದ ಆಕ್ಸಿಜನ್ ಸಿಲಿಂಡರಿಗೆ ತಗುಲಬಾರದು. ಗೋಡೆಯ ಮುಖ್ಯ ಕೆಲಸ ಇದು.

ಕೆಲಸದಲ್ಲಿರುವಾಗ ಎರಡೂ ಒಂದೇ ಟ್ರಾಲಿಯ ಮೇಲೆ ಇರುತ್ತವಲ್ಲ ಎಂದರೆ, ಹೌದು, ಆಗ ಅದು ದಾಸ್ತಾನಲ್ಲ. ಇಲ್ಲಿ ಇಟ್ಟುಕೊಂಡ ಲೆಕ್ಕ ಹೀಗೆ: ಮುಂದಿನ 24 ಗಂಟೆಯಲ್ಲಿ ಗ್ಯಾಸ್ ಬಳಸುವುದಿಲ್ಲ ಎಂದು ಗೊತ್ತಿದ್ದರೆ ರೆಗ್ಯುಲೇಟರ್ ಬಿಚ್ಚಿ, ಕ್ಯಾಪ್ ಹಾಕಿ, ಎರಡನ್ನೂ ಗೋಡೆಯ ಆಚೀಚೆ ಸೇರಿಸುವುದು.

ವಾರ 3: ಸರಪಳಿ ಮತ್ತು ಕ್ಯಾಪ್

ಮೊದಲು ಒಂದೇ ಉದ್ದ ಸರಪಳಿಯನ್ನು ತುಂಬಿದ ಮತ್ತು ಖಾಲಿ ಎರಡು ಆಕ್ಸಿಜನ್ ಸಿಲಿಂಡರ್‌ಗಳ ಸುತ್ತ ಬಿಗಿದದ್ದಾಯಿತು. ಒಂದನ್ನು ತೆಗೆದ ಮರುಕ್ಷಣ ಸರಪಳಿ ಜೋತುಬಿದ್ದು ಇನ್ನೊಂದು ಸಡಿಲಾಗಿ ನಿಂತಿತು. ಈಗ ಸಿಲಿಂಡರಿಗೊಂದರಂತೆ ಪ್ರತ್ಯೇಕ ಜೋಡಿ: ಮೇಲಿನದು ಎತ್ತರದ ಮೂರನೇ ಎರಡು ಭಾಗದಲ್ಲಿ, ಕೆಳಗಿನದು ಮೂರನೇ ಒಂದು ಭಾಗದಲ್ಲಿ. ಮೇಲಿನ ಸರಪಳಿ ಅರ್ಧಕ್ಕಿಂತ ಕೆಳಗಿದ್ದರೆ ತಲೆಭಾಗ ಅದರ ಮೇಲಿಂದ ಮಗುಚುತ್ತದೆ. ವಾಲ್ವಿಗಾಗಲಿ ಕ್ಯಾಪಿಗಾಗಲಿ ಸರಪಳಿ ಸುತ್ತುವ ಹಾಗಿಲ್ಲ.

ಟೊಳ್ಳು ಬ್ಲಾಕಿಗೆ ಹೊಡೆದ ಆ್ಯಂಕರ್ ಬೋಲ್ಟ್ ಎಳೆದರೆ ಕೈಗೇ ಬರುತ್ತದೆ. ಆದ್ದರಿಂದ ಗೋಡೆಗೆ ಅಡ್ಡಲಾಗಿ ಒಂದು ಆ್ಯಂಗಲ್ ಪಟ್ಟಿ ಕೂರಿಸಿ, ಅದರ ಎರಡೂ ತುದಿಯನ್ನು ಕಾಂಕ್ರೀಟ್ ಕಂಬಕ್ಕೆ ಬೋಲ್ಟ್ ಮಾಡಿ, ಕೊಕ್ಕೆಗಳನ್ನು ಆ ಪಟ್ಟಿಗೆ ಸಿಗಿಸಿದೆ. ಪರೀಕ್ಷೆ ಸರಳ: ಸಿಲಿಂಡರಿನ ಭುಜ ಹಿಡಿದು ಜೋರಾಗಿ ಮುಂದಕ್ಕೆ ಎಳೆಯಬೇಕು. ಎರಡು ಬೆರಳಗಲಕ್ಕಿಂತ ಹೆಚ್ಚು ಅಲ್ಲಾಡಿದರೆ ಒಂದು ಕೊಂಡಿ ಕಡಿಮೆ ಮಾಡಬೇಕು.

ಕ್ಯಾಪ್ ವಿಷಯದಲ್ಲಿ ಒಂದೇ ಒಂದು ತೊಡಕು ಬಂತು, ಆದರೆ ಅದು ಬಿಡಿಸಿ ಹೇಳುವಂಥದ್ದು. ಆಕ್ಸಿಜನ್ ಸಿಲಿಂಡರಿನ ಕ್ಯಾಪ್ ತುಕ್ಕಿನಿಂದ ಹಿಡಿದುಕೊಂಡಿತ್ತು. ಇಂಥಾ ಹೊತ್ತಿನಲ್ಲಿ ಕೈ ತಾನಾಗಿ ಎರಡು ತಪ್ಪಿನ ಕಡೆಗೆ ಹೋಗುತ್ತದೆ. ಒಂದು, ಕ್ಯಾಪಿನ ಬದಿಯ ತೂತುಗಳಲ್ಲಿ ಸರಳು ತೂರಿಸಿ ತಿರುಗಿಸುವುದು. ಆ ಸರಳು ಒಳಗಿನ ವಾಲ್ವ್ ಹಿಡಿಗೆ ತಾಗಿದರೆ ಕ್ಯಾಪಿನ ಜೊತೆ ವಾಲ್ವೂ ತಿರುಗಿ, ಮುಚ್ಚಿದ ಕ್ಯಾಪಿನೊಳಗೆ ಗ್ಯಾಸ್ ತೆರೆದುಕೊಳ್ಳುತ್ತದೆ, ನಿಲ್ಲಿಸಲು ಕೈ ಹೋಗುವುದಿಲ್ಲ. ಇನ್ನೊಂದು, ಕ್ಯಾಪಿನ ಥ್ರೆಡ್‌ಗೆ ನಾಲ್ಕು ಹನಿ ಎಣ್ಣೆ ಬಿಡುವುದು. ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಎಣ್ಣೆ ಇಳಿದು ವಾಲ್ವಿನ ಬಾಯಿಗೆ ಸೇರಿದರೆ, ಹೆಚ್ಚು ಒತ್ತಡದ ಆಕ್ಸಿಜನ್ ತಗುಲಿದ ಕೂಡಲೇ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಹುದು. ಪಟ್ಟಿಯಿರುವ ಸ್ಟ್ರ್ಯಾಪ್ ಪಾನಾ ಸುತ್ತಿ ಒಂದು ಹದದಲ್ಲಿ ತಿರುಗಿಸಿ ನೋಡಿದ್ದಾಯಿತು. ಬರಲಿಲ್ಲ. ಸಿಲಿಂಡರ್ ಹಾಗೇ ಚೀಟಿ ಕಟ್ಟಿಸಿಕೊಂಡು ತುಂಬಿಸಿದವರಿಗೆ ವಾಪಸು ಹೋಯಿತು.

ಹೊಸದು ಬಂದಾಗ ಕ್ಯಾಪ್ ಕೈಯಲ್ಲೇ ಬಿಗಿಯುವ ಪದ್ಧತಿ ಶುರುವಾಯಿತು. ಪೂರ್ತಿ ಕೆಳಗೆ ಕೂರುವವರೆಗೆ ತಿರುಗಿಸಬೇಕು. ಎರಡು ಸುತ್ತಿಗೆ ನಿಂತ ಕ್ಯಾಪ್ ಸಿಲಿಂಡರ್ ಬಿದ್ದಾಗ ಹಾರಿಹೋಗುತ್ತದೆ, ವಾಲ್ವ್ ಮುರಿದರೆ 150 ಬಾರ್ ಒತ್ತಡ ಆ ಕಬ್ಬಿಣವನ್ನು ಬಾಣದಂತೆ ಓಡಿಸುತ್ತದೆ. ಕ್ಯಾಪ್ ಹಿಡಿದು ಎತ್ತುವುದಂತೂ ಬೇಡವೇ ಬೇಡ.

ವಾರ 4: ಸೋರಿಕೆ ಪರೀಕ್ಷೆ

ಅಸಿಟಿಲೀನ್ ಸಿಲಿಂಡರ್ ವಾಹನದಲ್ಲಿ ಮಲಗಿಕೊಂಡು ಬಂದಿತ್ತು. ಒಳಗೆ ಗ್ಯಾಸ್ ಅಸಿಟೋನ್ ದ್ರವದಲ್ಲಿ ಕರಗಿರುತ್ತದೆ, ಮಲಗಿಸಿದರೆ ಅಸಿಟೋನ್ ವಾಲ್ವಿನ ಕಡೆ ಸರಿಯುತ್ತದೆ. ರಾತ್ರಿಯಿಡೀ ನೆಟ್ಟಗೆ ನಿಲ್ಲಿಸಿ ಮರುದಿನ ಜೋಡಿಸಲಾಯಿತು. ಅಸಿಟಿಲೀನ್ ಕಡೆಯ ನಟ್‌ಗೆ ಎಡಕ್ಕೆ ತಿರುಗುವ ಥ್ರೆಡ್, ಅಂಚಿನಲ್ಲಿ ಗೀರು ಇರುತ್ತದೆ. ಆಕ್ಸಿಜನ್ನಿಗೆ ಬಲಕ್ಕೆ ತಿರುಗುವ ಥ್ರೆಡ್. ಥ್ರೆಡ್ ಕೂರದಿದ್ದರೆ ಬಲ ಹಾಕಬಾರದು, ಗ್ಯಾಸೇ ಅದಲುಬದಲಾಗಿರಬಹುದು. ಟೇಪ್ ಸುತ್ತುವುದೂ ಬೇಡ. ಇಲ್ಲಿ ಸೀಲ್ ಆಗುವುದು ಥ್ರೆಡ್‌ನಲ್ಲಲ್ಲ, ಲೋಹದ ಮೇಲೆ ಲೋಹ ಕೂರುವಲ್ಲಿ.

ಪರೀಕ್ಷೆ ನಡೆದ ಕ್ರಮ: ಟಾರ್ಚಿನ ಎರಡೂ ವಾಲ್ವ್ ಮುಚ್ಚಿ, ರೆಗ್ಯುಲೇಟರ್ ಎದುರಿಗೆ ನಿಲ್ಲದೆ ಬದಿಗೆ ನಿಂತು ಸಿಲಿಂಡರ್ ವಾಲ್ವ್ ನಿಧಾನಕ್ಕೆ ತೆರೆಯುವುದು. ಆಕ್ಸಿಜನ್ 2 ಬಾರ್, ಅಸಿಟಿಲೀನ್ 0.6 ಬಾರ್‌ಗೆ ಹೊಂದಿಸಿದೆ. ಅಸಿಟಿಲೀನ್ 1 ಬಾರ್ ದಾಟಬಾರದು, ಆ ಒತ್ತಡದ ಮೇಲೆ ಅದು ತನ್ನಿಂದ ತಾನೇ ಒಡೆದು ಸಿಡಿಯಬಹುದು. ಅದರ ವಾಲ್ವನ್ನು ಮುಕ್ಕಾಲು ಸುತ್ತಿಗಿಂತ ಹೆಚ್ಚು ತೆರೆದಿಲ್ಲ, ಅವಸರದಲ್ಲಿ ಮುಚ್ಚಲು ಅನುಕೂಲವಾಗಲಿ ಎಂದು. ಆಮೇಲೆ ಸಿಲಿಂಡರ್ ವಾಲ್ವ್‌ಗಳನ್ನು ಮುಚ್ಚಿ, ರೆಗ್ಯುಲೇಟರ್ ತಿರುಪನ್ನು ಒಂದು ಸುತ್ತು ಹಿಂದಕ್ಕೆ ಬಿಚ್ಚಿ, 5 ನಿಮಿಷ ಗೇಜ್ ನೋಡುತ್ತ ಕೂರುವುದು.

ತಿರುಪು ಹಿಂದಕ್ಕೆ ಬಿಚ್ಚುವುದರಲ್ಲೇ ಜಾಣತನ ಇರುವುದು. ಆಗ ರೆಗ್ಯುಲೇಟರಿನ ಎರಡು ಬದಿ ಬೇರೆಯಾಗುತ್ತವೆ. ಹೆಚ್ಚು ಒತ್ತಡದ ಗೇಜ್ ಇಳಿದರೆ ಸಿಲಿಂಡರ್ ವಾಲ್ವಿಗೂ ರೆಗ್ಯುಲೇಟರಿಗೂ ನಡುವೆ ಸೋರುತ್ತಿದೆ. ಕಡಿಮೆ ಒತ್ತಡದ್ದು ಇಳಿದರೆ ಹೋಸ್ ಅಥವಾ ಟಾರ್ಚ್. ಹೆಚ್ಚಿನದು ಇಳಿಯುತ್ತ ಕಡಿಮೆಯದು ಏರಿದರೆ ರೆಗ್ಯುಲೇಟರಿನ ಒಳಗಿನ ಸೀಟ್ ಹೋಗಿದೆ, ಅದನ್ನು ಬಳಸಬಾರದು.

ಆಕ್ಸಿಜನ್ ಕಡೆ ಎರಡೂ ಮುಳ್ಳು ಅಲುಗಲಿಲ್ಲ. ಅಸಿಟಿಲೀನ್ ಕಡೆ ದೊಡ್ಡ ಗೇಜ್ ನಿಂತಲ್ಲೇ ನಿಂತಿತ್ತು, ಚಿಕ್ಕದು 0.6ರಿಂದ 0.45ಕ್ಕೆ ಬಂತು. ಅಂದರೆ ಹುಡುಕಬೇಕಾದದ್ದು ಹೋಸ್ ಪೈಪಿನ ಕಡೆ ಮಾತ್ರ. ಮತ್ತೆ ಒತ್ತಡ ಕೊಟ್ಟು ಸೋರಿಕೆ ದ್ರಾವಣವನ್ನು ಬ್ರಷ್‌ನಲ್ಲಿ ಹಚ್ಚಿದಾಗ, ಟಾರ್ಚ್ ತುದಿಯ ನಿಪ್ಪಲ್ ಬಳಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಏಳತೊಡಗಿದವು. ತಿರುಪಿನ ಕ್ಲಿಪ್ಪಿನ ಪಟ್ಟಿ ರಬ್ಬರನ್ನು ಕೊಯ್ದಿತ್ತು. ಕ್ಲಿಪ್ ಇನ್ನಷ್ಟು ಬಿಗಿದರೆ ಕೊಯ್ತ ಆಳವಾಗುತ್ತದೆ ಅಷ್ಟೆ. ಒತ್ತಡ ಪೂರ್ತಿ ಇಳಿಸಿ, ಪೈಪನ್ನು 5 ಸೆಂಟಿಮೀಟರ್ ಕತ್ತರಿಸಿ, ಒತ್ತಿ ಕೂರಿಸುವ ಫೆರೂಲ್ ಹಾಕಿದ ಮೇಲೆ ಮುಳ್ಳು 0.6ರಲ್ಲೇ ನಿಂತಿತು.

ದ್ರಾವಣದ ಬಗ್ಗೆ ಒಂದು ಮಾತು. ಪಾತ್ರೆ ತೊಳೆಯುವ ಸೋಪು ಅಸಿಟಿಲೀನ್ ಕಡೆ ಗುಳ್ಳೆ ತೋರಿಸೀತು, ಆದರೆ ಆಕ್ಸಿಜನ್ ಜೋಡಣೆಗೆ ಅದನ್ನು ಹಚ್ಚುವುದಿಲ್ಲ. ಕೆಲವು ಸೋಪಿನಲ್ಲಿ ಜಿಡ್ಡು ಉಳಿಯುತ್ತದೆ. ಆಕ್ಸಿಜನ್ನಿಗೆ ಸಲ್ಲುತ್ತದೆ ಎಂದು ಡಬ್ಬದ ಮೇಲೆ ಬರೆದಿರುವ ದ್ರಾವಣವೇ ಎರಡೂ ಕಡೆಗೆ, ಆಮೇಲೆ ಶುದ್ಧ ನೀರಲ್ಲಿ ಒರೆಸುವುದು. ಒಂದೇ ಡಬ್ಬ ಇದ್ದರೆ ತಪ್ಪು ಕೈಗೆ ಸಿಗುವುದಿಲ್ಲ.

ವಾಲ್ವ್ ಮುಚ್ಚಿದ ಮೇಲೂ ಅದರ ಬಾಯಿಯಲ್ಲೋ ಕರಗುವ ಪ್ಲಗ್ಗಿನಲ್ಲೋ ಗುಳ್ಳೆ ಬಂದರೆ ಇಲ್ಲಿ ಮಾಡುವ ರಿಪೇರಿ ಏನೂ ಇಲ್ಲ. ಸಿಲಿಂಡರನ್ನು ಬಯಲಿಗೆ, ಬೆಂಕಿ ಮತ್ತು ಸ್ವಿಚ್ಚುಗಳಿಂದ ದೂರ ಸಾಗಿಸಿ, ಚೀಟಿ ಕಟ್ಟಿ, ತುಂಬಿಸಿದವರನ್ನು ಕರೆಯುವುದು.

ಬಾಕಿ

ಖಾಲಿ ಸಿಲಿಂಡರಿಗೂ ವಾಲ್ವ್ ಮುಚ್ಚಿ ಕ್ಯಾಪ್ ಹಾಕಿ ಅದದರ ಬದಿಯಲ್ಲೇ ನಿಲ್ಲಿಸುತ್ತಿದ್ದೇವೆ, ಏಕೆಂದರೆ ಒಳಗೆ ಸ್ವಲ್ಪ ಗ್ಯಾಸ್ ಉಳಿದೇ ಇರುತ್ತದೆ. ತುಂಬಿದ್ದು, ಬಳಕೆಯಲ್ಲಿದ್ದದ್ದು, ಖಾಲಿ ಎಂಬ ಚೀಟಿಗಳು ಇನ್ನೂ ರಟ್ಟಿನವು, ಮಳೆಗೆ ತಡೆಯುವುದಿಲ್ಲ, ತಗಡಿನವು ಆಗಬೇಕು. ಪ್ರೊಪೇನ್ ತರುವ ಮಾತು ನಡೆದಿದೆ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ನೆಲಕ್ಕಿಳಿದು ಹರಿಯುತ್ತದೆ. ಅಸಿಟಿಲೀನ್ ಬದಿಯಲ್ಲಿ ಜಾಗವೇನೋ ಇದೆ, ಆದರೆ ಎರಡು ಮೀಟರ್ ಆಚೆ ಮಳೆನೀರಿನ ಚರಂಡಿಯ ಬಾಯಿಯಿದೆ. ಅದನ್ನು ಬೇರೆ ಕಡೆ ತಿರುಗಿಸುವವರೆಗೆ ಪ್ರೊಪೇನ್ ಬರುವುದಿಲ್ಲ.