756ರಿಂದ 22ಕ್ಕೆ: ಕಾಂಡಕೊರಕದ ರಿವ್ಯೂಗೆ ಫ್ಲೋ ಡಯಾಗ್ರಾಂ ಬರೆದ ದಿನ

ಅರೇಬಿಕಾ ಕಾಫಿಗೆ ಬೀಳುವ ಬಿಳಿ ಕಾಂಡಕೊರಕದ ಹತೋಟಿಗೆ ಏನೇನು ಮಾಡಿ ನೋಡಿದ್ದಾರೆ, ಯಾವುದಕ್ಕೆ ತೋಟದಲ್ಲಿ ಫಲ ಸಿಕ್ಕಿದೆ ಎಂಬ ಪ್ರಶ್ನೆಯ ಮೇಲೆ ಒಂದು ಸಿಸ್ಟಮ್ಯಾಟಿಕ್ ರಿವ್ಯೂ ನಡೆದಿತ್ತು. ಹುಡುಕಾಟ, ಸ್ಕ್ರೀನಿಂಗ್, ಪೂರ್ಣಪಾಠ ಓದುವುದು ಎಲ್ಲ ಮುಗಿದ ಮೇಲೆ, ಮಳೆಗಾಲದ ಒಂದು ಶನಿವಾರ ಚಿಕ್ಕಮಗಳೂರಿನಲ್ಲಿ ಮೂವರು ಕೂತು, ಇಂಥ ರಿವ್ಯೂಗಳನ್ನು ವರದಿ ಮಾಡುವ ಮಾರ್ಗಸೂಚಿಯಾದ ಪ್ರಿಸ್ಮಾ 2020ರ ಫ್ಲೋ ಡಯಾಗ್ರಾಂ, ಅಂದರೆ ಎಷ್ಟು ಸಿಕ್ಕವು, ಎಷ್ಟು ಬಿಟ್ಟೆವು, ಎಷ್ಟು ಉಳಿದವು ಎಂದು ತೋರಿಸುವ ಚಿತ್ರ, ತುಂಬಿಸುವ ಕೆಲಸ ಹಿಡಿದೆವು. ಎಂಟು ಹತ್ತು ಚೌಕ ತುಂಬಲು ಒಂದು ಇಡೀ ದಿನ ಬೇಕೇ ಎಂದು ಕೇಳುವವರಿದ್ದಾರೆ. ಬೇಕು. ಈ ಚಿತ್ರದಲ್ಲಿ ಒಂದು ಸಂಖ್ಯೆ ಇನ್ನೊಂದರಿಂದ ಕಳೆದು ಬಂದಿರಬೇಕು, ಪ್ರಬಂಧದ ಫಲಿತಾಂಶ ಭಾಗದ ಮೊದಲ ಪ್ಯಾರಾ ಅದೇ ಸಂಖ್ಯೆಗಳನ್ನು ಅದೇ ಹೆಸರಿನಲ್ಲಿ ಹೇಳಬೇಕು. ರೆಫರಿಗಳು ಕ್ಯಾಲ್ಕುಲೇಟರ್ ಹಿಡಿದು ನೋಡುವ ಜಾಗ ಇದು.

ಮೊದಲು ಮಾಡಿದ್ದು ಡೌನ್‌ಲೋಡ್ ಕಡತಗಳನ್ನು ಎಣಿಸುವ ಕೆಲಸ. ಡೇಟಾಬೇಸಿನ ಪರದೆ ಮೇಲೆ 305 ಫಲಿತಾಂಶ ಎಂದು ಕಂಡರೆ, ಕಡತದಲ್ಲಿಯೂ 305 ಇದೆ ಎಂದು ನಂಬಬಾರದು. ಫಲಿತಾಂಶ ಕಂತುಕಂತಾಗಿ ಇಳಿಯುವಾಗ ಕೊನೆಯ ಕಂತು ಬಿಟ್ಟುಹೋಗುತ್ತದೆ, ಇಲ್ಲವೇ ಒಂದೇ ಕಂತು ಎರಡು ಸಲ ಇಳಿಯುತ್ತದೆ. ಆರ್‌ಐಎಸ್ ಕಡತದಲ್ಲಿ ಪ್ರತಿ ರೆಕಾರ್ಡ್ `TY` ಸಾಲಿನಿಂದ ಶುರುವಾಗಿ `ER` ಸಾಲಿನಲ್ಲಿ ಮುಗಿಯುತ್ತದೆ. ಎಣಿಸುವುದಕ್ಕೆ `ER` ಸಾಲನ್ನೇ ಹಿಡಿಯುವುದು ಒಳ್ಳೆಯದು:

```
grep -c "^ER  -" scopus.ris
```

`TY` ಎಣಿಸಿದರೆ ಕೆಲವು ಕಡತಗಳಲ್ಲಿ ಒಂದು ಕಡಿಮೆ ಬರುತ್ತದೆ. ಕಡತದ ತಲೆಯಲ್ಲಿ ಕಣ್ಣಿಗೆ ಕಾಣದ ಬಿಒಎಂ ಗುರುತು ಕೂತಿದ್ದರೆ ಮೊದಲ ಸಾಲು `TY`ಯಿಂದ ಶುರುವಾಗುವುದಿಲ್ಲ, ಕಾರಣ ಅಷ್ಟೇ. ಪರದೆಯ ಸಂಖ್ಯೆ, ಕಡತದ ಸಂಖ್ಯೆ, ಹುಡುಕಿದ ತಾರೀಕು, ಟೈಪ್ ಮಾಡಿದ ಪೂರ್ತಿ ಹುಡುಕು ಸಾಲು, ಈ ನಾಲ್ಕನ್ನೂ ಡೇಟಾಬೇಸಿಗೊಂದರಂತೆ ಬರೆದಿಟ್ಟರೆ ಚಿತ್ರದ ಮೊದಲ ಚೌಕ ಭದ್ರ. ನಮಗೆ ನಾಲ್ಕು ಡೇಟಾಬೇಸ್ ಸೇರಿ 756 ರೆಕಾರ್ಡ್ ಬಂದಿದ್ದವು.

ಇನ್ನು ಮುಂದಿನದೆಲ್ಲ ಒಂದೇ ಶೀಟಿನಿಂದ ಹೊರಡಬೇಕು. ರೆಕಾರ್ಡಿಗೊಂದು ಸಾಲು, ಯಾವ ಸಾಲನ್ನೂ ಅಳಿಸುವ ಹಾಗಿಲ್ಲ. ಡೂಪ್ಲಿಕೇಟ್ ಆದರೂ ಸಾಲು ಇರಲಿ, ಯಾವುದರ ಡೂಪ್ಲಿಕೇಟ್ ಎಂದು ಪಕ್ಕದಲ್ಲಿ ನಂಬರು ಬರೆದರೆ ಸಾಕು. ಜೊಟೆರೊದಂಥ ತಂತ್ರಾಂಶದಲ್ಲಿ ಡೂಪ್ಲಿಕೇಟ್‌ಗಳನ್ನು ವಿಲೀನ ಮಾಡಿದರೆ ಎರಡಿದ್ದದ್ದು ಒಂದಾಗಿಬಿಡುತ್ತದೆ, ಎಷ್ಟು ತೆಗೆದೆವು ಎಂಬ ಲೆಕ್ಕ ಆಮೇಲೆ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ವಿಲೀನಕ್ಕೆ ಮೊದಲೇ ಇಡೀ ಪಟ್ಟಿ ಹೊರತೆಗೆದಿಡಬೇಕು. ನಮ್ಮ ಶೀಟಿನ ಕಾಲಂಗಳು ಹೀಗಿದ್ದವು: A ರೆಕಾರ್ಡ್ ನಂಬರು, B ಬಂದ ದಾರಿ, C ಯಾವುದರ ಡೂಪ್ಲಿಕೇಟ್, D ಶೀರ್ಷಿಕೆ ಮತ್ತು ಸಾರಾಂಶ ನೋಡಿ ಆದ ತೀರ್ಮಾನ, E ಪೂರ್ಣಪಾಠ ಸಿಕ್ಕಿತೇ, F ಪೂರ್ಣಪಾಠ ಓದಿ ಆದ ತೀರ್ಮಾನ, G ಕಾರಣ. ಇಬ್ಬರು ಬೇರೆ ಬೇರೆಯಾಗಿ ಕೊಟ್ಟ ಮತಗಳು ಇನ್ನೊಂದು ಶೀಟಿನಲ್ಲಿವೆ. ಇಲ್ಲಿ ಬರುವುದು ಇಬ್ಬರೂ ಒಪ್ಪಿದ ಕೊನೆಯ ತೀರ್ಮಾನ ಮಾತ್ರ.

ಹೀಗಿದ್ದರೆ ಒಂದೊಂದು ಚೌಕಕ್ಕೂ ಒಂದೊಂದು ಸೂತ್ರ:

```
=COUNTIFS(B2:B769,"db",C2:C769,"")
=COUNTIFS(B2:B769,"db",D2:D769,"include")
=COUNTIFS(B2:B769,"db",E2:E769,"no")
=COUNTIFS(B2:B769,"db",F2:F769,"exclude")
```

ಮೊದಲ ಸೂತ್ರ 488 ಕೊಟ್ಟಿತು. ಅಂದರೆ 756ರಲ್ಲಿ 268 ಡೂಪ್ಲಿಕೇಟ್ ಹೋಗಿ ಸ್ಕ್ರೀನಿಂಗ್‌ಗೆ ಉಳಿದದ್ದು ಅಷ್ಟು. ಅವುಗಳಲ್ಲಿ 401 ಶೀರ್ಷಿಕೆ, ಸಾರಾಂಶದ ಹಂತದಲ್ಲೇ ಹೊರಗೆ. 87ರ ಪೂರ್ಣಪಾಠ ಹುಡುಕಬೇಕಾಯಿತು, 9 ಸಿಗಲಿಲ್ಲ, 78 ಓದಿದ್ದಾಯಿತು, 55 ಬಿಟ್ಟು 23 ಉಳಿದವು. ಇದು ಚಿತ್ರದ ಎಡ ಕಾಲಂ. ಉಲ್ಲೇಖ ಪಟ್ಟಿಗಳಿಂದ ಮತ್ತು ಸಂಸ್ಥೆಗಳ ವಾರ್ಷಿಕ ವರದಿಗಳಿಂದ ಬಂದ 12 ಬಲ ಕಾಲಂಗೆ ಹೋಗುತ್ತವೆ. ಅವು `other` ಎಂಬ ಗುರುತಿನಲ್ಲಿ ಅದೇ ಶೀಟಿನ ಕೊನೆಯಲ್ಲಿದ್ದವು, 769ರವರೆಗೆ ಎಣಿಸುವುದು ಅದಕ್ಕೇ. ಅವುಗಳಲ್ಲಿ 3 ಸಿಗಲಿಲ್ಲ, 4 ಹೊರಬಿದ್ದವು, 5 ಉಳಿದವು.

ಹೇಳುವುದಕ್ಕೆ ಇಷ್ಟು ಸಲೀಸು. ಆದರೆ ಆ 55ರ ಚೌಕದೊಳಗಿನ ಕಾರಣಗಳನ್ನು ಕೂಡಿಸಿದಾಗ 61 ಬಂತು. ಶೀಟು ತುಂಬಿದ್ದ ಪಿಎಚ್‌ಡಿ ಹುಡುಗಿ ಆರು ಪ್ರಬಂಧಗಳಿಗೆ ಎರಡೆರಡು ಕಾರಣ ಬರೆದಿದ್ದಳು.

“ಮೇಡಂ, ಎರಡೂ ಕಾರಣ ನಿಜವೇ ಅಲ್ವಾ? ಒಂದನ್ನೇ ಬರೆದ್ರೆ ಅರ್ಧ ಮುಚ್ಚಿಟ್ಟ ಹಾಗೆ ಆಗಲ್ವಾ?”

ಒಳ್ಳೆಯ ಪ್ರಶ್ನೆ. ಎರಡೂ ನಿಜ, ಟಿಪ್ಪಣಿಯಲ್ಲಿ ಎರಡೂ ಇರಲಿ. ಆದರೆ ಚಿತ್ರದಲ್ಲಿ ಒಂದು ರಿಪೋರ್ಟಿಗೆ ಒಂದೇ ಕಾರಣ, ಇಲ್ಲದಿದ್ದರೆ ಮೊತ್ತ ಕೂಡುವುದಿಲ್ಲ. ಯಾವುದು ಆ ಒಂದು ಎಂದು ಓದುವವರ ಮನಸ್ಸಿಗೆ ಬಿಟ್ಟರೆ ಒಬ್ಬರು ಹೋಲಿಕೆ ಗುಂಪಿಲ್ಲ ಎನ್ನುತ್ತಾರೆ, ಇನ್ನೊಬ್ಬರು ಪ್ರಯೋಗಾಲಯದಲ್ಲಿ ಮಾಡಿದ್ದು ಎನ್ನುತ್ತಾರೆ. ಅದಕ್ಕೆ ಕಾರಣಗಳಿಗೊಂದು ಸರದಿ ಬೇಕು, ಮೊದಲು ಎಡವಿದ ಪ್ರಶ್ನೆಯೇ ಕಾರಣ. ನಮ್ಮ ಸರದಿ ಹೀಗಿತ್ತು: ಸ್ವಂತ ದತ್ತಾಂಶ ಇದೆಯೇ, ಕೀಟ ಬಿಳಿ ಕಾಂಡಕೊರಕವೇ, ತೋಟದಲ್ಲೇ ಮಾಡಿದ್ದೇ, ಹೋಲಿಕೆಗೆ ಉಪಚಾರವಿಲ್ಲದ ಗಿಡಗಳಿವೆಯೇ, ಕೊರಕ ಬಿದ್ದ ಗಿಡಗಳನ್ನು ಎಣಿಸಿದ್ದಾರೆಯೇ. ಸುಲಭವಾಗಿ ಉತ್ತರ ಸಿಗುವ ಪ್ರಶ್ನೆ ಮೊದಲು, ಕೋಷ್ಟಕ ಬಿಡಿಸಿ ನೋಡಬೇಕಾದ್ದು ಕೊನೆಗೆ. ಆ ಆರನ್ನು ಈ ಸರದಿಯಲ್ಲಿ ಮತ್ತೆ ಓದಿದ ಮೇಲೆ ಸ್ವಂತ ದತ್ತಾಂಶವಿಲ್ಲದ್ದು 3, ಬೇರೆ ಕೀಟ 11, ಪ್ರಯೋಗಾಲಯದ್ದು 8, ಹೋಲಿಕೆ ಇಲ್ಲದ್ದು 19, ಗಿಡಗಳ ಎಣಿಕೆ ಇಲ್ಲದ್ದು 14 ಆಗಿ 55ಕ್ಕೆ ಕೂಡಿತು. ಈ ಸರದಿಯನ್ನು ವಿಧಾನ ಭಾಗದಲ್ಲಿ ಒಂದು ವಾಕ್ಯದಲ್ಲಿ ಹೇಳಲೇಬೇಕು. ಇಲ್ಲದಿದ್ದರೆ ಎಣಿಕೆ ಇಲ್ಲದ ಪ್ರಬಂಧಗಳು ಒಟ್ಟು ಹದಿನಾಲ್ಕೇ ಎಂದು ಓದುಗರು ತಿಳಿಯುತ್ತಾರೆ. ಸರದಿಯಲ್ಲಿ ಮೊದಲೇ ಬಿದ್ದವುಗಳಲ್ಲಿ ಅಂಥವು ಇನ್ನೂ ಇರಬಹುದು.

ಕಾರಣದ ಪಟ್ಟಿಯಲ್ಲಿ ಬರಬಾರದ ಒಂದು ಕಾರಣ ಇದೆ: ‘ಪೂರ್ಣಪಾಠ ಸಿಗಲಿಲ್ಲ’. ಓದದೇ ಇರುವುದನ್ನು ಅನರ್ಹ ಎನ್ನಲಾಗದು. ಅದಕ್ಕೆ ಬೇರೆಯೇ ಚೌಕ ಇದೆ, ಆ 9 ಅಲ್ಲಿಗೆ ಸೇರುತ್ತವೆ. ಇನ್ನು ಶೀರ್ಷಿಕೆ ಹಂತದಲ್ಲಿ ಬಿಟ್ಟ 401ಕ್ಕೆ ಕಾರಣವಾರು ಲೆಕ್ಕವನ್ನು ಚಿತ್ರ ಕೇಳುವುದೇ ಇಲ್ಲ. ಅದನ್ನು ಬರೆಯಲು ವಾರಗಟ್ಟಲೆ ಕೂರುವ ವಿದ್ಯಾರ್ಥಿಗಳಿದ್ದಾರೆ, ಆ ಶ್ರಮ ಪೂರ್ಣಪಾಠಕ್ಕೆ ಇರಲಿ.

ದಿನದ ಹೆಚ್ಚಿನ ಹೊತ್ತು ಹಿಡಿದದ್ದು ಕಡೆಯ ಚೌಕ. ಎಡದ 23, ಬಲದ 5, ಒಟ್ಟು 28. ಹಾಗಾದರೆ ರಿವ್ಯೂನಲ್ಲಿ 28 ಅಧ್ಯಯನ ಇವೆಯೇ? ಇಲ್ಲ. ಹುಡುಕಾಟದಲ್ಲಿ ಸಿಕ್ಕ ಶೀರ್ಷಿಕೆ, ಸಾರಾಂಶದ ನಮೂದು ರೆಕಾರ್ಡ್. ಕೈಗೆ ಬಂದ ಬರಹ, ಅಂದರೆ ಪ್ರಬಂಧವೋ ಸಮ್ಮೇಳನದ ಸಾರಾಂಶವೋ ವಾರ್ಷಿಕ ವರದಿಯೋ, ಅದು ರಿಪೋರ್ಟ್. ತೋಟದಲ್ಲಿ ಗಿಡಗಳ ಮೇಲೆ ನಿಜವಾಗಿ ನಡೆದದ್ದು ಸ್ಟಡಿ. ಕೊನೆಯ ಚೌಕದಲ್ಲಿ ಸ್ಟಡಿ ಎಷ್ಟು, ಅವುಗಳ ರಿಪೋರ್ಟ್ ಎಷ್ಟು ಎಂದು ಎರಡು ಸಂಖ್ಯೆ ಕೇಳುತ್ತಾರೆ.

ಕಾಂಡಕೊರಕದ ವಿಷಯದಲ್ಲಿ ಇದು ಬಹಳ ಸೂಕ್ಷ್ಮ. ನಮ್ಮ ಕಡೆ ಈ ಕೊರಕದ ದುಂಬಿ ವರ್ಷಕ್ಕೆ ಎರಡು ಸಲ ಹಾರುತ್ತದೆ, ಏಪ್ರಿಲ್–ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಒಂದೇ ತೋಟದ ಒಂದೇ ಫೆರೊಮೋನ್ ಬಲೆ ಪ್ರಯೋಗ ಮುಂಗಾರಿಗೆ ಮುಂಚಿನ ಹಾರಾಟದ ಮಟ್ಟಿಗೆ ಸಮ್ಮೇಳನದ ಸಾರಾಂಶವಾಗಿಯೂ, ಎರಡೂ ಹಾರಾಟ ಸೇರಿ ಪ್ರಬಂಧವಾಗಿಯೂ ಬಂದಿತ್ತು. ಶೀರ್ಷಿಕೆ ಬೇರೆ, ವರ್ಷ ಬೇರೆ, ಲೇಖಕರ ಸಾಲಿನಲ್ಲಿ ಮೊದಲ ಹೆಸರೂ ಬೇರೆ. ಡೂಪ್ಲಿಕೇಟ್ ಹುಡುಕುವ ಯಾವ ತಂತ್ರಾಂಶಕ್ಕೂ ಇವೆರಡು ಒಂದೇ ಎಂದು ತಿಳಿಯುವುದಿಲ್ಲ, ತಿಳಿಯಬಾರದು ಕೂಡ. ಇವು ಡೂಪ್ಲಿಕೇಟ್ ಅಲ್ಲ, ಒಂದೇ ಸ್ಟಡಿಯ ಎರಡು ರಿಪೋರ್ಟ್. ಗೊತ್ತಾಗುವುದು ವಿವರ ಎದುರುಬದುರು ಇಟ್ಟಾಗ: ತೋಟ ಇರುವ ಊರು, ಗಿಡದ ವಯಸ್ಸು, ಎಕರೆಗೆ ಬಲೆಯ ಲೆಕ್ಕ, ಒಟ್ಟು ಗಿಡಗಳ ಸಂಖ್ಯೆ, ಮೊದಲ ಹಾರಾಟದ ಅಂಕಿಗಳು. ಅವು ಒಂದಕ್ಕೊಂದು ಹೊಂದಿದರೆ ಅನುಮಾನ ಬಲವಾಯಿತು, ಉಳಿದದ್ದಕ್ಕೆ ಲೇಖಕರಿಗೆ ಪತ್ರ ಬರೆದು ಕೇಳುವುದೇ ದಾರಿ. ಇದನ್ನು ಬಿಟ್ಟರೆ ಅದೇ ಗಿಡಗಳು ಲೆಕ್ಕದಲ್ಲಿ ಎರಡು ಸಲ ಬಂದು, ಬಲೆಗೆ ಇಲ್ಲದ ಶಕ್ತಿ ಬಂದುಬಿಡುತ್ತದೆ.

ತಿರುಗುಮುರುಗಾಗಿಯೂ ಆಗುತ್ತದೆ. ಒಂದು ವಾರ್ಷಿಕ ವರದಿಯಲ್ಲಿ ತೊಗಟೆ ಉಜ್ಜುವ ಪ್ರಯೋಗ ಒಂದು, ಬಲೆಯ ಪ್ರಯೋಗ ಇನ್ನೊಂದು ಇತ್ತು. ಒಂದು ರಿಪೋರ್ಟ್, ಎರಡು ಸ್ಟಡಿ. ಹೀಗಿರುವಾಗ ಮುಖ್ಯ ಶೀಟಿಗೆ ಸ್ಟಡಿ ನಂಬರಿನ ಕಾಲಂ ಸೇರಿಸಿದರೆ ಒಂದೇ ಮನೆಯಲ್ಲಿ ಎರಡು ನಂಬರು ತುರುಕಬೇಕಾಗುತ್ತದೆ. ಎರಡೇ ಕಾಲಂನ ಪ್ರತ್ಯೇಕ ಶೀಟು ಮೇಲು, A ರೆಕಾರ್ಡ್ ನಂಬರು, B ಸ್ಟಡಿ ನಂಬರು. ನಮ್ಮದರಲ್ಲಿ 29 ಸಾಲು ಬಂತು:

```
=COUNTA(UNIQUE(A2:A30))
=COUNTA(UNIQUE(B2:B30))
```

ಮೊದಲನೆಯದು 28 ರಿಪೋರ್ಟ್, ಎರಡನೆಯದು 22 ಸ್ಟಡಿ. ಎಡಬಲ ಕಾಲಂಗಳ ಸ್ಟಡಿಗಳನ್ನು ಬೇರೆ ಬೇರೆ ಎಣಿಸಿ ಕೂಡಿಸಬಾರದು, ಪ್ರಬಂಧ ಎಡದಲ್ಲಿ ಬಂದು ಅದರ ವಾರ್ಷಿಕ ವರದಿ ಬಲದಲ್ಲಿ ಬಂದಿದ್ದರೆ ಒಂದೇ ಸ್ಟಡಿ ಎರಡಾಗುತ್ತದೆ.

ಆಮೇಲೆ ಪ್ಯಾರಾ. ಹಳೆಯ ಕರಡಿನಲ್ಲಿ ‘488 ಪ್ರಬಂಧಗಳು ದೊರೆತವು, 22 ಪ್ರಬಂಧಗಳನ್ನು ಸೇರಿಸಲಾಯಿತು’ ಎಂದಿತ್ತು. ದೊರೆತದ್ದು 756, ಅವು ಪ್ರಬಂಧಗಳಲ್ಲ ರೆಕಾರ್ಡ್‌ಗಳು, 22 ಸ್ಟಡಿಗಳು. ತಿದ್ದಿದ ಮೇಲೆ ಹೀಗಾಯಿತು: ‘ನಾಲ್ಕು ಡೇಟಾಬೇಸ್‌ಗಳಿಂದ 756 ರೆಕಾರ್ಡ್ ದೊರೆತವು. 268 ಡೂಪ್ಲಿಕೇಟ್ ತೆಗೆದ ಮೇಲೆ 488ನ್ನು ಸ್ಕ್ರೀನ್ ಮಾಡಿ 401ನ್ನು ಕೈಬಿಟ್ಟೆವು. ಹುಡುಕಿದ 87 ರಿಪೋರ್ಟ್‌ಗಳಲ್ಲಿ 9 ಸಿಗಲಿಲ್ಲ. ಓದಿದ 78ರಲ್ಲಿ 55 ಅರ್ಹವಾಗಲಿಲ್ಲ. ಇತರ ಮೂಲಗಳ 12ರಲ್ಲಿ 5 ಅರ್ಹವಾದವು. ಒಟ್ಟು 28 ರಿಪೋರ್ಟ್‌ಗಳಲ್ಲಿ ವರದಿಯಾದ 22 ಸ್ಟಡಿಗಳನ್ನು ಸೇರಿಸಿದ್ದೇವೆ.’ ಕಾರಣವಾರು ಅಂಕಿಗಳನ್ನು ಇಲ್ಲಿ ಮತ್ತೆ ಬರೆಯಬೇಕಿಲ್ಲ, ಚಿತ್ರದಲ್ಲಿವೆ. ಆದರೆ ಪ್ರಿಸ್ಮಾದ 16ಬಿ ಅಂಶ ಕೇಳುವುದನ್ನು ಚಿತ್ರ ಹೇಳಲಾರದು: ಒಳಗೆ ಇರಬೇಕಿತ್ತಲ್ಲ ಎಂದು ತಿಳಿದವರಿಗೆ ಅನಿಸುವ ಪ್ರಬಂಧಗಳನ್ನು ಹೆಸರಿಸಿ, ಯಾಕೆ ಬಿಟ್ಟೆವು ಎಂದು ಬರೆಯಬೇಕು. ಕಾಫಿ ವಲಯದಲ್ಲಿ ಎಲ್ಲರೂ ಉಲ್ಲೇಖಿಸುವ ಬಲೆಯ ಪ್ರಬಂಧವೊಂದು ಬಲೆಗೆ ಬಿದ್ದ ದುಂಬಿಗಳನ್ನಷ್ಟೇ ಎಣಿಸಿತ್ತು, ಗಿಡಗಳನ್ನಲ್ಲ. ಅದಕ್ಕೆ ಎರಡು ಸಾಲು ಕೊಟ್ಟೆವು. 55ರ ಪೂರ್ತಿ ಪಟ್ಟಿ ಕಾರಣಸಮೇತ ಅನುಬಂಧಕ್ಕೆ ಹೋಯಿತು.

ಸಲ್ಲಿಸುವ ಮೊದಲು ಹುಡುಕಾಟವನ್ನು ಹೊಸದಾಗಿ ಇನ್ನೊಮ್ಮೆ ನಡೆಸಿದರೆ, ಹೊಸ ರೆಕಾರ್ಡ್‌ಗಳನ್ನು ಹಳೆಯ 756ರ ಜೊತೆಗೂ ತಾಳೆ ನೋಡಬೇಕು, ಸೇರಿಸಿದ 23ರ ಜೊತೆ ಮಾತ್ರ ನೋಡಿದರೆ ಹಿಂದೆ ಬಿಟ್ಟದ್ದೇ ಮತ್ತೆ ಸ್ಕ್ರೀನಿಂಗ್‌ಗೆ ಬರುತ್ತದೆ. ಆ ಸಾಲುಗಳು ಅದೇ ಶೀಟಿನ ಅಡಿಯಲ್ಲಿ ಎರಡನೇ ತಾರೀಕಿನೊಂದಿಗೆ ಸೇರುತ್ತವೆ, ಸೂತ್ರದ ವ್ಯಾಪ್ತಿ ಉದ್ದವಾಗುತ್ತದೆ, ಎರಡೂ ಹುಡುಕಾಟ ಸೇರಿ ಒಂದೇ ಚಿತ್ರ. ‘ಹಿಂದಿನ ಆವೃತ್ತಿಯ ಸ್ಟಡಿಗಳು’ ಎಂಬ ಚೌಕವಿರುವ ನಮೂನೆ ಪ್ರಿಸ್ಮಾದಲ್ಲಿ ಇದೆ, ಆದರೆ ಅದು ಆಗಲೇ ಪ್ರಕಟವಾದ ರಿವ್ಯೂ ಪರಿಷ್ಕರಿಸುವವರಿಗೆ.