ಫೋಟೊ ಬಂತು, ಬರೆದದ್ದೆಲ್ಲ ಹೋಯ್ತು

ದಾವಣಗೆರೆಯ ವಿದ್ಯಾನಗರದಲ್ಲಿ ಮನೆಯಲ್ಲೇ ಕೂತು ನಾನು ಆ್ಯಪ್ ಟೆಸ್ಟಿಂಗ್ ಮಾಡುತ್ತೇನೆ. ಬಿಡುಗಡೆಗೆ ಮುಂಚೆ ಆ್ಯಪ್ ಬಳಸಿ ನೋಡಿ, ತಪ್ಪು ಕಂಡರೆ ವರದಿ ಕಳಿಸಬೇಕು. ಗಂಟೆ ಲೆಕ್ಕದ ಕೂಲಿ ಇಲ್ಲ, ಒಪ್ಪಿಕೊಂಡ ಒಂದೊಂದು ಬಗ್‌ಗೆ ಇಷ್ಟು ಅಂತ ದುಡ್ಡು. ನಾವು ಬರೆದ ಹಾಗೆ ಮಾಡಿದಾಗ ಆ್ಯಪ್ ಮಾಡಿದವರ ಫೋನಿನಲ್ಲೂ ಬಗ್ ಕಾಣಿಸದಿದ್ದರೆ ಏನೂ ಸಿಗಲ್ಲ.

ಆವತ್ತು ಬಂದದ್ದು ಹಳೇ ಸಾಮಾನು ಮಾರುವ ಆ್ಯಪ್. ತಮ್ಮನ 2 ಜಿಬಿ ರ್‍ಯಾಮ್‌ನ ಫೋನ್ ತಗೊಂಡು ಹೊಲಿಗೆ ಮೆಷಿನ್ ಮಾರುವವಳ ಹಾಗೆ ಹೆಸರು, ಬೆಲೆ, ವಿವರ ಎಲ್ಲ ತುಂಬಿದೆ. ಫೋಟೊ ತೆಗೆದು ವಾಪಸ್ ಬಂದರೆ ಮೂರೂ ಖಾಲಿ! ಮತ್ತೆ ಮಾಡಿದರೆ ಎಲ್ಲ ಸರಿಯಾಗಿಯೇ ಇತ್ತು.

"ಕಳಿಸಿಬಿಡು ಅಕ್ಕ, ಒಂದು ಸಲ ಆಯ್ತಲ್ಲ" ಅಂದ ತಮ್ಮ.

"ಒಮ್ಮೊಮ್ಮೆ ಆಗುತ್ತೆ ಅಂತ ಬರೆದರೆ ಅವರು ಎಲ್ಲಿ ಹುಡುಕಬೇಕೋ?" ಅಂದೆ.

ಮೊದಲು ಅನುಮಾನ ಬಂದದ್ದು ಫೋನ್ ಅಡ್ಡ ತಿರುಗಿಸಿದ್ದರ ಮೇಲೆ. ಪರದೆ ತಿರುಗಿದಾಗ ಆಂಡ್ರಾಯ್ಡ್ ಆ ಪುಟವನ್ನು ಮತ್ತೆ ಹೊಸದಾಗಿ ಕಟ್ಟುತ್ತದೆ, ಸರಿಯಾಗಿ ಉಳಿಸಿಡದಿದ್ದರೆ ಬರೆದದ್ದು ಹೋಗಬಹುದು. ಆಟೊ ರೊಟೇಟ್ ಬಂದ್ ಮಾಡಿದೆ. ಆದರೂ ಖಾಲಿಯಾಯಿತು. ಬೇರೆ ಆ್ಯಪ್‌ಗಳನ್ನೆಲ್ಲ ಮುಚ್ಚಿದೆ, ಬರೆದದ್ದು ಉಳಿಯಿತು. ಬ್ರೌಸರ್, ಮ್ಯಾಪ್, ಒಂದು ಗೇಮ್ ತೆರೆದಿಟ್ಟೆ, ಮತ್ತೆ ಹೋಯಿತು. ಆಗ ಎಳೆ ಸಿಕ್ಕಿತು. ಕ್ಯಾಮೆರಾಗೆ ಮೆಮೊರಿ ಜಾಸ್ತಿ ಬೇಕು. ಅದು ಸಾಲದಾದಾಗ ಆಂಡ್ರಾಯ್ಡ್ ಹಿಂದೆ ಸರಿದ ಆ್ಯಪನ್ನು ಮುಚ್ಚಿಬಿಡುತ್ತದೆ.

ಆದರೆ ಡೆವಲಪರ್ ಕೈಯಲ್ಲಿ ದೊಡ್ಡ ಫೋನ್ ಇರುತ್ತೆ ಅಲ್ವಾ? ಅವರಿಗೂ ಕಾಣಿಸಲಿ ಅಂತ ಫೋನಿನ ಸೆಟ್ಟಿಂಗ್ಸ್‌ನಲ್ಲಿ `Build number` ಮೇಲೆ 7 ಸಲ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆದು, `Don't keep activities` ಆನ್ ಮಾಡಿದೆ. ಪುಟ ಬಿಟ್ಟ ಕೂಡಲೇ ಅದನ್ನು ಅಳಿಸಿಹಾಕುವ ಆಯ್ಕೆ ಅದು. ಈಗ ಪ್ರತಿ ಸಲವೂ ಬಗ್ ಬಂತು.

ಹಂತಗಳನ್ನು ಹೀಗೆ ಬರೆದೆ:

1. `Don't keep activities` ಆನ್ ಮಾಡಿ.
2. ಲಾಗಿನ್ ಆಗಿ "ಹೊಸ ಜಾಹೀರಾತು" ಒತ್ತಿ.
3. ಹೆಸರು "ಹೊಲಿಗೆ ಮೆಷಿನ್", ಬೆಲೆ 4000, ವಿವರ "ಚೆನ್ನಾಗಿದೆ" ಎಂದು ತುಂಬಿ.
4. ಕ್ಯಾಮೆರಾ ಗುರುತು ಒತ್ತಿ, ಫೋಟೊ ತೆಗೆದು, ಸರಿ ಒತ್ತಿ.

ಆಗಬೇಕಾದದ್ದು: ಫೋಟೊ ಸೇರಿ, ಮೂರೂ ಹಾಗೇ ಇರಬೇಕು. ಆಗುತ್ತಿರುವುದು: ಫೋಟೊ ಇದೆ, ಮೂರೂ ಖಾಲಿ.

ಅಲ್ಲಿಗೇ ಬಿಟ್ಟಿದ್ದರೆ "ಮಾಮೂಲಿ ಜನ ಆ ಸೆಟ್ಟಿಂಗ್ ಮುಟ್ಟಲ್ಲ" ಅಂತ ತಳ್ಳಿಹಾಕುವ ಸಾಧ್ಯತೆ ಇತ್ತು. ಅದಕ್ಕೆ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಆ ಸೆಟ್ಟಿಂಗ್ ಆಫ್ ಇದ್ದರೂ, 2 ಜಿಬಿ ಫೋನಿನಲ್ಲಿ ಬ್ರೌಸರ್, ಮ್ಯಾಪ್, ಗೇಮ್ ತೆರೆದಿದ್ದಾಗ ಇದೇ ಆಗುತ್ತದೆ. ಆಂಡ್ರಾಯ್ಡ್ ಆವೃತ್ತಿ, ಫೋನ್ ಮಾದರಿ, ಆ್ಯಪಿನ ಬಿಲ್ಡ್ ಸಂಖ್ಯೆ ಬರೆದೆ. ಎರಡೂ ರೀತಿಯ ಸ್ಕ್ರೀನ್ ರೆಕಾರ್ಡಿಂಗ್ ಜೊತೆಗಿಟ್ಟೆ.

ಸಂಜೆ ವರದಿ ಒಪ್ಪಿಗೆಯಾಯಿತು, ಅವರ ದೊಡ್ಡ ಫೋನಿನಲ್ಲೂ ಬಂತಂತೆ. ತಮ್ಮನಿಗೆ ಫೋನ್ ವಾಪಸ್ ಕೊಡುವ ಮುಂಚೆ ಆ ಸೆಟ್ಟಿಂಗ್ ಆಫ್ ಮಾಡಿದೆ. ಮರೆತರೆ ಅವನ ಬೇರೆ ಆ್ಯಪ್‌ಗಳೂ ಕಾಟ ಕೊಡಬಹುದು.