ಬಾಕಿ ಇಟ್ಟವರಿಗೆ ಬರೆದ ಕೊನೆಯ ಪತ್ರ

ಸಾಗರದ ಕಡೆಯ ಒಂದು ಉಪ್ಪಿನಕಾಯಿ ಘಟಕಕ್ಕೆ ಲೋಗೊ, ಲೇಬಲ್, ಪೆಟ್ಟಿಗೆ ವಿನ್ಯಾಸ ಮಾಡಿಕೊಟ್ಟಿದ್ದೆ. ದುಡ್ಡು ಕೇಳಿದಾಗಲೆಲ್ಲ ಒಂದೇ ಮಾತು: “ಅಡಿಕೆ ಮಾರಿದ ಕೂಡ್ಲೇ ಹಾಕ್ತೀನಿ ಮಾರಾಯ್ರೇ.” ಅಡಿಕೆ ಮಂಡಿಗೆ ಹೋಯಿತು. ಬಂದದ್ದು ಮಾತ್ರ, ಇನ್ನೊಂದು ಲೇಬಲ್ ಅರ್ಜೆಂಟಾಗಿ ಬೇಕು ಎಂಬ ಮೆಸೇಜು. ಅವತ್ತೇ ಪತ್ರ ಬರೆದೆ.

ಸಿಟ್ಟಿನ ಪತ್ರ ಬರೆದರೆ ಅವರು ಸಿಟ್ಟಿಗೆ ಉತ್ತರ ಕೊಡುತ್ತಾರೆ, ಲೆಕ್ಕಕ್ಕಲ್ಲ. ಹಾಗಾಗಿ ಲೆಕ್ಕದಿಂದಲೇ ಶುರು ಮಾಡಿದೆ:

“ಬಿಲ್ 7, ಲೋಗೊ, ₹15,000: ಪೂರ್ತಿ ಸಂದಿದೆ. ಬಿಲ್ 9, ಆರು ಲೇಬಲ್, ₹18,000: ₹8,000 ಸಂದಿದೆ, ₹10,000 ಬಾಕಿ. ಬಿಲ್ 11, ಪೆಟ್ಟಿಗೆ, ₹12,000: ಪೂರ್ತಿ ಬಾಕಿ. ಒಟ್ಟು ಬಾಕಿ ₹22,000, ಈ ತಿಂಗಳ 30ರೊಳಗೆ ಪಾವತಿಸಿ. ಇಂದಿನಿಂದ ಹೊಸ ಕೆಲಸ, ತಿದ್ದುಪಡಿ ಎರಡನ್ನೂ ನಿಲ್ಲಿಸಿದ್ದೇನೆ.”

ಆ ₹8,000 ಯಾವ ಬಿಲ್ಲಿಗೆ ಎಂದು ಅವರು ಹೇಳಿರಲಿಲ್ಲ. ಹಳೆಯ ಬಿಲ್ಲಿಗೆ ಜಮೆ ಮಾಡಿ, ಹಾಗೆಂದು ಬರೆದೆ. ಇಲ್ಲದಿದ್ದರೆ “ಪೆಟ್ಟಿಗೆದು ಆಗ್ಲೇ ಕೊಟ್ಟಾಗಿದೆ” ಎಂಬ ವಾದ ಹುಟ್ಟುತ್ತದೆ.

ಹೆಚ್ಚು ಯೋಚಿಸಬೇಕಾದದ್ದು ಫೈಲುಗಳ ಬಗ್ಗೆ. ನಾವು ಅವರ ನೌಕರರಲ್ಲವಾದ್ದರಿಂದ, 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನಾವು ಬರೆದ ಲೋಗೊ, ಲೇಬಲ್ಲಿನ ಹಕ್ಕು ಮೊದಲಿಗೆ ನಮ್ಮದೇ. ದುಡ್ಡು ಬಂದ ಮಾತ್ರಕ್ಕೆ ಅದು ದಾಟುವುದಿಲ್ಲ, ನಮ್ಮ ಸಹಿಯಿರುವ ಬರಹ ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಜಾಗ ಹೇಳದಿದ್ದರೆ ಭಾರತ ಮಾತ್ರ ಎಂದಾಗುತ್ತದೆ. ಲೋಗೊದ ದುಡ್ಡು ಪೂರ್ತಿ ಬಂದಿತ್ತಲ್ಲ, ಅದನ್ನು ತಡೆಹಿಡಿಯುವುದು ನ್ಯಾಯವಲ್ಲ. ಮೂಲ ಫೈಲಿನ ಜೊತೆ “ಹಕ್ಕು ಅದರ ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೂ ನಿಮ್ಮದು” ಎಂದು ಸಹಿ ಹಾಕಿ ಕೊಟ್ಟೆ. ಲೋಗೊದ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಕಿಲ್ಲದ ಬರಿಯ ಆಕಾರಗಳಿಗೆ ಬದಲಿಸಿದ್ದೆ. ಯಾಕೆಂದರೆ ಫಾಂಟಿನ ಲೈಸೆನ್ಸ್ ನನ್ನ ಹೆಸರಲ್ಲಿರುವುದು, ಅದನ್ನು ಹಸ್ತಾಂತರಿಸಲು ಬರುವುದಿಲ್ಲ. ಪೆಟ್ಟಿಗೆಗೆ ವಾಟರ್‌ಮಾರ್ಕ್ ಇರುವ ಪಿಡಿಎಫ್ ಮಾತ್ರ ಹೋಗಿತ್ತು, ಅದು ಸುಲಭ.

ತೊಡಕಿದ್ದದ್ದು ಲೇಬಲ್ಲಿನಲ್ಲಿ. ಅದರ ಕೋರೆಲ್ ಫೈಲು ಶಿವಮೊಗ್ಗದ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆಗಲೇ ಕೂತಿತ್ತು. ಕೈದಾಟಿದ್ದನ್ನು ಕೊಡುವುದಿಲ್ಲ ಎಂದರೆ ನಗೆಪಾಟಲು. ಆದ್ದರಿಂದ “ಈಗಾಗಲೇ ಅಚ್ಚಾದ ಲೇಬಲ್ ಬಳಸಿ, ಬಾಕಿ ತೀರುವವರೆಗೆ ಮರುಮುದ್ರಣಕ್ಕೆ ನನ್ನ ಅನುಮತಿ ಇಲ್ಲ” ಎಂದು ಬರೆದೆ. ಪ್ರೆಸ್ಸಿನವರಿಗೆ, ನನ್ನನ್ನು ಕೇಳದೆ ಮತ್ತೆ ಹೊಡೆಯಬೇಡಿ ಎಂದಷ್ಟೇ ಹೇಳಿದೆ. ಬಾಕಿಯ ವಿಷಯ ಎತ್ತಲಿಲ್ಲ. ಮಲೆನಾಡಿನಲ್ಲಿ ಅಂಥ ಸುದ್ದಿ ಸಂಜೆಯೊಳಗೆ ಊರು ಸುತ್ತುತ್ತದೆ, ಆಮೇಲೆ ದುಡ್ಡು ಬರುವುದು ಇನ್ನೂ ಕಷ್ಟ.

ಕೊನೆಗೆ ನನ್ನ ಉದ್ಯಮ್ ನೋಂದಣಿ ಸಂಖ್ಯೆ ಹಾಕಿದೆ. ನನ್ನಂಥ ಸಣ್ಣ ಉದ್ಯಮಗಳಿಗಿರುವ 2006ರ ಎಂಎಸ್‌ಎಂಇ ಕಾಯ್ದೆಯಂತೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವು ದಾಟಿದ ಬಿಲ್ಲನ್ನು, ದುಡ್ಡು ಕೊಟ್ಟ ವರ್ಷದಲ್ಲಲ್ಲದೆ ಅವರು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಲೂ ಆಗದು.

ಬಿಲ್ಲುಗಳು, “ಓಕೆ, ಪ್ರಿಂಟಿಗೆ ಕಳಿಸಿ” ಎಂದಿದ್ದ ಮೆಸೇಜುಗಳ ಪ್ರತಿ ಎಲ್ಲ ಸೇರಿಸಿ ಇಮೇಲ್ ಮಾಡಿದೆ. ಮೇಲ್ ನೋಡಿಲ್ಲ ಅನ್ನಬಾರದೆಂದು ಸ್ಪೀಡ್ ಪೋಸ್ಟನ್ನೂ ಹಾಕಿದೆ. ಮೊದಲು ಫೋನ್ ಮಾಡಿದ್ದು ಅವರ ಆಡಿಟರು.